ಗುಮ್ಮನ ಕೆಂಪು ಕಣ್ಣು: ಕತ್ತಲೆಗೆ ಹೆದರುವ ಮಗುವನ್ನು ಮಲಗಿಸುವುದು ಹೇಗೆ?

"ಅಮ್ಮಾ, ಅಲ್ಲಿ ಕಣ್ಣುಂಟು."

ನಮ್ಮ ಮಗನಿಗೆ ಆಗ ಎರಡು ವರ್ಷ ಎಂಟು ತಿಂಗಳು. ಮಂಗಳೂರಿನ ಬಿಜೈಯಲ್ಲಿ ನಮ್ಮ ಫ್ಲ್ಯಾಟು. ಒಂದು ವಾರದಿಂದ ಮಲಗುವ ಹೊತ್ತಿಗೆ ಇದೇ ಮಾತು. ನಾನು ಟ್ಯೂಬ್‌ಲೈಟ್ ಹಾಕಿ "ನೋಡು, ಎಂತದೂ ಇಲ್ಲ" ಎಂದು ತೋರಿಸುತ್ತಿದ್ದೆ. ಬೆಳಕಾದಾಗ ನಿಜವಾಗಿಯೂ ಏನೂ ಇರಲಿಲ್ಲ. ಆರಿಸಿದ ಕೂಡಲೇ ಅವನಿಗೆ ಮತ್ತೆ ಕಣ್ಣು.

ಎಂಟನೇ ದಿನ ಸುಮ್ನೆ ಅವನ ದಿಂಬಿನ ಮೇಲೆ ತಲೆಯಿಟ್ಟು ಮಲಗಿದೆ. ಹೌದು, ಕಣ್ಣು ಇತ್ತು! ಮೂಲೆಯ ಪ್ಲಗ್ಗಿನಲ್ಲಿ ಸೊಳ್ಳೆ ಲಿಕ್ವಿಡ್‌ನ ಮೆಷಿನ್. ಅದರ ಕೆಂಪು ಚುಕ್ಕೆ ಸೊಳ್ಳೆಪರದೆಯ ಹಿಂದಿನಿಂದ ಮಿಣಿಮಿಣಿ ಕಾಣುತ್ತಿತ್ತು. ನಮ್ಮ ಮಂಚದ ಎತ್ತರದಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲೂ ಕಾಣುವುದಿಲ್ಲ. ಮಗು ಸುಳ್ಳು ಹೇಳುತ್ತಿರಲಿಲ್ಲ. ನಾನು ನೋಡಿದ ಜಾಗ ತಪ್ಪಾಗಿತ್ತು, ಅಷ್ಟೇ.

ಮೆಷಿನ್ ಬೇರೆ ಕಡೆ ಇಟ್ಟೆ. ಹೆದರಿಕೆ ಅರ್ಧ ಹೋಯಿತು. ಉಳಿದ ಅರ್ಧಕ್ಕೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಮಾಡಿದ್ದನ್ನು, ಮಾಡಿ ಕೆಡಿಸಿದ್ದನ್ನೂ ಸೇರಿಸಿ, ಕ್ರಮವಾಗಿ ಬರೆಯುತ್ತೇನೆ.

ಮೊದಲು ಒಂದು ಲೆಕ್ಕ

ಹೊಸ ಅಭ್ಯಾಸ ಆಗಬಾರದು ಅಂತ ಎಲ್ಲರೂ ಹೇಳುತ್ತಾರೆ. ಯಾವುದು ಅಭ್ಯಾಸ, ಯಾವುದು ಅಲ್ಲ ಅಂತ ಯಾರೂ ಹೇಳುವುದಿಲ್ಲ. ನಾನು ಇಟ್ಟುಕೊಂಡ ಲೆಕ್ಕ ಇದು: ನಡುರಾತ್ರಿ ಎರಡು ಗಂಟೆಗೆ ಅದಕ್ಕಾಗಿ ನೀವು ಎದ್ದು ಏನಾದರೂ ಮಾಡಬೇಕಾ? ಬೇಕು ಅಂತಾದರೆ ಅದು ಕಷ್ಟ ಕೊಡುವ ಅಭ್ಯಾಸ. ಬೇಡ ಅಂತಾದರೆ ತಲೆಬಿಸಿ ಬೇಡ.

ಇದರ ಹಿಂದೆ ಕಾರಣ ಉಂಟು. ಮಕ್ಕಳು ರಾತ್ರಿಯಿಡೀ ಒಂದೇ ಸಮನೆ ಮಲಗುವುದಿಲ್ಲ. ಈ ವಯಸ್ಸಿನಲ್ಲಿ ಸುಮಾರು ಒಂದು ಗಂಟೆಗೊಮ್ಮೆ ನಿದ್ದೆ ತೆಳುವಾಗುತ್ತದೆ. ಮಗು ಅರೆಗಣ್ಣು ಬಿಟ್ಟು, ಮಲಗುವಾಗ ಇದ್ದದ್ದೆಲ್ಲ ಹಾಗೆಯೇ ಇದೆಯಾ ಎಂದು ನೋಡುತ್ತದೆ. ಇದ್ದರೆ ಮಗ್ಗುಲು ಬದಲಿಸಿ ಮಲಗುತ್ತದೆ. ಅಮ್ಮನ ಕೈ ಹಿಡಿದು ಮಲಗಿದ ಮಗುವಿಗೆ ಈಗ ಕೈ ಸಿಗುವುದಿಲ್ಲ. ದೊಡ್ಡ ಲೈಟಿನಲ್ಲಿ ಮಲಗಿದ ಮಗುವಿಗೆ ಈಗ ಕತ್ತಲೆ. ಆಗ ಪೂರ್ತಿ ಎಚ್ಚರವಾಗಿ ಅಳುತ್ತದೆ.

ಹಾಗಾಗಿ ರಾತ್ರಿಯಿಡೀ ತಾನಾಗಿ ಉರಿಯುವ ಸಣ್ಣ ದೀಪ ತೊಂದರೆಯಲ್ಲ. ಮಗು ಮಲಗಿದ ಮೇಲೆ ನಾವು ಆರಿಸುವ ದೀಪ ತೊಂದರೆ. ಅರ್ಧ ಗಂಟೆಗೆ ತಾನೇ ಆರುವ ಟೈಮರ್ ದೀಪವೂ ಹಾಗೆಯೇ. ಅಪ್ಪ ಮೊಬೈಲಿನಲ್ಲಿ ಹಾಕಿಕೊಡುವ ಹಾಡು, ಬಾಟಲಿ ಹಾಲು, ಹೆಗಲ ಮೇಲೆ ಹಾಕಿ ನಡೆದಾಡುವುದು, ಎಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. (ಬಾಟಲಿ ಹಾಲಿನಿಂದ ಹಲ್ಲೂ ಹಾಳು.)

ಇನ್ನೊಂದು ಮಾತು. ಮಗು ಬೇರೆ ರೂಮಿನಲ್ಲಿ ಒಂಟಿಯಾಗಿ ಮಲಗಬೇಕು ಎಂಬುದು ನಮ್ಮ ಗುರಿಯಾಗಿರಲಿಲ್ಲ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಮಗು ಅಪ್ಪ ಅಮ್ಮನ ಅಥವಾ ಅಜ್ಜಿಯ ಹತ್ತಿರವೇ ಮಲಗುತ್ತದೆ, ನಮ್ಮಲ್ಲೂ ಹಾಗೆಯೇ. ನಮ್ಮ ಮಂಚದ ಪಕ್ಕ ನೆಲದಲ್ಲಿ ಅವನ ಹಾಸಿಗೆ. ಸಮಸ್ಯೆ ಇದ್ದದ್ದು ಒಂಬತ್ತರಿಂದ ಹನ್ನೊಂದರ ನಡುವೆ. ನಾನು ಅವನನ್ನು ಮಲಗಿಸಿ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅವನು ಕಣ್ಣು ಬಿಟ್ಟರೆ ಅಮ್ಮ ಇಲ್ಲ, ಕತ್ತಲೆ ಮಾತ್ರ.

ಹೆಜ್ಜೆ 1: ಹೆದರಿಕೆ ಹೌದಾ ನೋಡಿ

ಮೂರು ದಿನ ಏನನ್ನೂ ಬದಲಿಸಬೇಡಿ. ಹಗಲು ನಿದ್ದೆಯಿಂದ ಎದ್ದದ್ದು ಎಷ್ಟು ಗಂಟೆಗೆ, ರಾತ್ರಿ ಮಲಗಿಸಿದ್ದು ಎಷ್ಟಕ್ಕೆ, ನಿಜವಾಗಿ ನಿದ್ದೆ ಬಂದದ್ದು ಎಷ್ಟಕ್ಕೆ, ಎದ್ದದ್ದು ಯಾವಾಗ, ಇಷ್ಟು ಬರೆದಿಡಿ.

ಕತ್ತಲೆಯ ಹೆದರಿಕೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದ ನಡುವೆ ಶುರುವಾಗುತ್ತದೆ. ಕಲ್ಪನೆ ಬೆಳೆಯುವ ಕಾಲ ಅದು. ಇಲ್ಲದ್ದನ್ನು ಕಾಣಲು ಬರುತ್ತದೆ, ಅದು ಇಲ್ಲ ಎಂದು ತಿಳಿಯಲು ಬರುವುದಿಲ್ಲ. ಒಂದೂವರೆ ವರ್ಷದ ಮಗು ರಾತ್ರಿ ಅತ್ತರೆ ಅದು ಹೆಚ್ಚಾಗಿ ಕತ್ತಲೆಗಲ್ಲ, ಅಮ್ಮ ಕಾಣದ್ದಕ್ಕೆ. ಅಂಥ ಮಗುವಿಗೆ ದೀಪದಿಂದ ಜಾಸ್ತಿ ಪ್ರಯೋಜನ ಇಲ್ಲ.

ನಿಜವಾದ ಹೆದರಿಕೆ ಹಗಲಲ್ಲೂ ಸ್ವಲ್ಪ ಕಾಣುತ್ತದೆ. ಕತ್ತಲೆಯ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಸಂಜೆ ಕರೆಂಟ್ ಹೋದರೆ ಓಡಿ ಬಂದು ಕಾಲಿಗೆ ಅಂಟಿಕೊಳ್ಳುತ್ತಾನೆ. ಒಂದೇ ಜಾಗ, ಒಂದೇ ವಸ್ತು ತೋರಿಸುತ್ತಾನೆ. ಮೊದಲು ನೀರು, ಮತ್ತೆ ಉಚ್ಚೆ, ಮತ್ತೆ ಕಥೆ, ಕೊನೆಗೆ ಗುಮ್ಮ ಎಂದು ಸಾಲಾಗಿ ಬಂದರೆ ಅದು ಹೆಚ್ಚಾಗಿ ನಿದ್ದೆ ಬಾರದವನ ನಾಟಕ.

ನಮ್ಮ ಚೀಟಿಯಲ್ಲಿ ಎರಡೂ ಸಿಕ್ಕಿತು. ಅವನು ಮಧ್ಯಾಹ್ನದ ನಿದ್ದೆಯಿಂದ ಏಳುತ್ತಿದ್ದದ್ದು ಐದೂಕಾಲಿಗೆ. ನಾನು ಒಂಬತ್ತಕ್ಕೆ ಮಲಗಿಸುತ್ತಿದ್ದೆ. ನಿದ್ದೆ ಬರುತ್ತಿದ್ದದ್ದು ಹತ್ತಕ್ಕೆ. ಅಂದರೆ ಪೂರ್ತಿ ಒಂದು ಗಂಟೆ ಕತ್ತಲೆಯಲ್ಲಿ ಎಚ್ಚರವಾಗಿ ಬಿದ್ದುಕೊಂಡಿರುತ್ತಿದ್ದ. ಅಷ್ಟು ಹೊತ್ತು ಸಿಕ್ಕಿದರೆ ನನಗೂ ಗುಮ್ಮ ಕಾಣುತ್ತದೆ! ಅವನನ್ನು ನಾಲ್ಕಕ್ಕೆ ಎಬ್ಬಿಸಲು ಶುರು ಮಾಡಿದೆವು. ರಾತ್ರಿ ಮಲಗುವ ಹೊತ್ತನ್ನು ಕೆಲವು ದಿನ ಒಂಬತ್ತೂಮುಕ್ಕಾಲಕ್ಕೆ ತಳ್ಳಿದೆವು. ಹದಿನೈದು ನಿಮಿಷದಲ್ಲಿ ನಿದ್ದೆ ಬರತೊಡಗಿದ ಮೇಲೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದೆವು. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಸಾಕು. ಒಂದರಿಂದ ಎರಡು ವರ್ಷದವರಿಗೆ 11ರಿಂದ 14.

ಹೆಜ್ಜೆ 2: ಮಗುವಿನ ದಿಂಬಿನಿಂದ ನೋಡಿ

ರಾತ್ರಿ, ಮಗು ಇಲ್ಲದಾಗ, ಎಲ್ಲ ಲೈಟ್ ಆರಿಸಿ ಅವನ ಜಾಗದಲ್ಲಿ ಮಲಗಿ. ಐದು ನಿಮಿಷ ಕಾಯಿರಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ನನಗೆ ಕಂಡದ್ದು: ಸೊಳ್ಳೆ ಮೆಷಿನ್, ಇನ್ವರ್ಟರಿನ ಹಸಿರು ಚುಕ್ಕೆ, ಬಾಗಿಲ ಹಿಂದೆ ನೇತುಹಾಕಿದ ರೈನ್‌ಕೋಟ್ (ತಲೆ, ಭುಜ, ಎರಡು ತೋಳು, ಎಲ್ಲ ಸರಿಯಾಗಿ ಇತ್ತು), ಕಿಟಕಿಯ ಆಚೆ ಬೀದಿ ದೀಪಕ್ಕೆ ಅಲ್ಲಾಡುವ ತೆಂಗಿನ ಗರಿಯ ನೆರಳು. ಚುಕ್ಕೆಗಳಿಗೆ ಕಪ್ಪು ಟೇಪು ಅಂಟಿಸಬಹುದು, ಆದರೆ ಬಿಸಿಯಾಗುವ ಸೊಳ್ಳೆ ಮೆಷಿನ್‌ಗೆ ಬೇಡ, ಅದನ್ನು ಕಾಣದ ಕಡೆ ಇಡಿ. ರೈನ್‌ಕೋಟ್ ಹೊರಗೆ. ಕಿಟಕಿಗೆ ದಪ್ಪ ಪರದೆ.

ಶಬ್ದಗಳನ್ನೂ ಕೇಳಿಸಿಕೊಳ್ಳಿ. ಬ್ರಹ್ಮಾವರದ ಹತ್ತಿರ ಅಜ್ಜಿ ಮನೆಯಲ್ಲಿ ಹಂಚಿನ ಮಾಡು. ಇಲಿ ಓಡಿದರೆ, ಹಲ್ಲಿ ಲೊಚಗುಟ್ಟಿದರೆ, ತೋಟದಲ್ಲಿ ಒಣ ಮಡಲು ಧೊಪ್ಪೆಂದು ಬಿದ್ದರೆ, ಎಲ್ಲ ಕೇಳುತ್ತದೆ. ಅದನ್ನು ರಾತ್ರಿ ವಿವರಿಸಬೇಡಿ. ಬೆಳಿಗ್ಗೆ ಕರೆದುಕೊಂಡು ಹೋಗಿ ಬಿದ್ದ ಮಡಲನ್ನು ತೋರಿಸಿ, ಅವನೇ ಎಳೆಯಲಿ.

ಹೆಜ್ಜೆ 3: ದೀಪ

ನಮ್ಮ ಮನೆಗಳಲ್ಲಿ ಬೆಡ್‌ರೂಮ್ ಅಂದರೆ ನೀಲಿ ಝೀರೋ ಬಲ್ಬ್. ಅದೇ ತಪ್ಪು. ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನನ್ನು ನೀಲಿ ಮತ್ತು ಬಿಳಿ ಬೆಳಕು ಜಾಸ್ತಿ ತಡೆಯುತ್ತದೆ. ಸಣ್ಣ ಮಕ್ಕಳ ಕಣ್ಣೊಳಗೆ ದೊಡ್ಡವರಿಗಿಂತ ಹೆಚ್ಚು ಬೆಳಕು ಹೋಗುತ್ತದೆ, ಹಾಗಾಗಿ ಅವರಿಗೆ ಇದು ಇನ್ನೂ ಜಾಸ್ತಿ ನಾಟುತ್ತದೆ. ಕೆಂಪು, ಕಿತ್ತಳೆ ಅಥವಾ ಮಂದ ಹಳದಿ ಬಣ್ಣದ್ದು ತನ್ನಿ. ಅರ್ಧ ವ್ಯಾಟಿನ ಎಲ್‌ಇಡಿ ಧಾರಾಳ ಸಾಕು. ಹಳೆಯ ಕಾಲದ ತಂತಿ ಉರಿಯುವ ಝೀರೋ ಬಲ್ಬ್ ಬೇಡ. ಹೆಸರಿಗೆ ಮಾತ್ರ ಅದು ಝೀರೋ, ಸುಮಾರು 15 ವ್ಯಾಟ್ ತಿನ್ನುತ್ತದೆ, ಬಿಸಿಯೂ ಆಗುತ್ತದೆ.

ಎಲ್ಲಿಡಬೇಕು? ಗೋಡೆಯ ಮೇಲ್ಗಡೆ ಇಟ್ಟರೆ ಫ್ಯಾನಿನ ನೆರಳು ತಿರುಗುತ್ತದೆ, ಹೊಸ ಗುಮ್ಮ ಹುಟ್ಟುತ್ತದೆ. ನೆಲದ ಹತ್ತಿರದ ಪ್ಲಗ್ಗಿನಲ್ಲಿ, ಕಪಾಟಿನ ಅಥವಾ ಮಂಚದ ಕಾಲಿನ ಹಿಂದೆ ಇಡಿ. ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು. ಎಷ್ಟು ಬೆಳಕು ಎಂದು ನೋಡಲು ಮತ್ತೆ ಅವನ ದಿಂಬಿಗೆ ಹೋಗಿ. ಬಾಗಿಲು ಎಲ್ಲಿದೆ, ಅಮ್ಮ ಎಲ್ಲಿ ಮಲಗಿದ್ದಾಳೆ, ಅಷ್ಟು ಗೊತ್ತಾದರೆ ಸರಿ. ಚಿತ್ರದ ಪುಸ್ತಕದ ಬಣ್ಣಗಳು ಸ್ಪಷ್ಟ ಕಂಡರೆ ಜಾಸ್ತಿಯಾಯಿತು.

ಮಲಗುವ ಮೊದಲೇ ಹಾಕಿ, ಬೆಳಿಗ್ಗೆ ತನಕ ಬಿಡಿ. ಅವನು ಕೇಳಿದ ಮೇಲೆ ಹಾಕಿದರೆ ಹೆದರಿದ್ದಕ್ಕೆ ದೀಪ ಬಂತು ಎಂದಾಗುತ್ತದೆ. ಹಲ್ಲುಜ್ಜಿದ ಮೇಲೆ ದೀಪ ಹಾಕುವುದು ಎಂದಿದ್ದರೆ ಅದು ದಿನಚರಿ. ನಮ್ಮಲ್ಲಿ ಸ್ವಿಚ್ ಒತ್ತುವುದು ಅವನ ಕೆಲಸ, ದಿನಕ್ಕೆ ಒಂದೇ ಸಲ.

ಮಳೆಗಾಲದ ಕಥೆ ಬೇರೆ. ಆರನೇ ರಾತ್ರಿ ಗಾಳಿಮಳೆ ಬಂದು ಕರೆಂಟ್ ಹೋಯಿತು. ದೀಪ ಹಾಕಿದ್ದ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಇರಲಿಲ್ಲ, ಅದನ್ನು ನಾನು ನೋಡಿರಲೇ ಇಲ್ಲ. ಫ್ಯಾನ್ ತಿರುಗುತ್ತಿದೆ, ದೀಪ ಮಾತ್ರ ಇಲ್ಲ. ಹೊರಗೆ ಗುಡುಗು. ಅಷ್ಟು ದಿನದ ಕೆಲಸ ಒಂದೇ ರಾತ್ರಿಗೆ ಹೋಯಿತು. ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ, ಯಾವ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಇದೆ ಎಂದು ನೋಡಿಕೊಳ್ಳಿ. ಇನ್ವರ್ಟರ್ ಇಲ್ಲದಿದ್ದರೆ, ಕರೆಂಟ್ ಹೋದಾಗ ತಾನೇ ಹತ್ತುವ ಚಾರ್ಜಬಲ್ ದೀಪ ತನ್ನಿ. ಅದರಲ್ಲೂ ಮಂದ ಬೆಳಕಿನದ್ದು.

ಜಾತ್ರೆಯಲ್ಲಿ ಸಿಗುವ ಗೊಂಬೆ ದೀಪ, ಎಲ್‌ಇಡಿ ಮೇಣದಬತ್ತಿಯ ಬಗ್ಗೆ ಎಚ್ಚರ. ಅನೇಕದರ ಒಳಗೆ ನಾಣ್ಯದಂಥ ಬಟನ್ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಸ್ಕ್ರೂ ಹಾಕಿ ಮುಚ್ಚುವಂಥದ್ದಲ್ಲದಿದ್ದರೆ ಮನೆಗೆ ತರಬೇಡಿ. ನುಂಗಿದ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ರಾತ್ರಿ ಬಲ್ಬ್ ಹಾಕಿ ಮಲಗಿಸಿದರೆ ಕನ್ನಡಕ ಬರುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 1999ರಲ್ಲಿ ಒಂದು ಅಧ್ಯಯನ ಹಾಗೆ ಸಂಶಯ ಪಟ್ಟಿತ್ತು. 2000ದಲ್ಲಿ ಬೇರೆಯವರು ನೋಡಿದಾಗ ಆ ಸಂಬಂಧ ಕಾಣಲಿಲ್ಲ. ಸಮೀಪದೃಷ್ಟಿ ಇರುವ ಅಪ್ಪ ಅಮ್ಮಂದಿರೇ ರೂಮಿನಲ್ಲಿ ದೀಪ ಹೆಚ್ಚು ಇಡುತ್ತಾರೆ, ಮಕ್ಕಳಿಗೆ ಕನ್ನಡಕ ಬರುವುದೂ ಅವರಿಂದಲೇ.

ಹೆಜ್ಜೆ 4: ಏನು ಹೇಳಬೇಕು

ಒಂದೇ ವಾಕ್ಯ ಇಟ್ಟುಕೊಳ್ಳಿ, ದಿನಾ ಅದನ್ನೇ ಹೇಳಿ. ನಮ್ಮದು: "ಹೆದರಿಕೆ ಆಯ್ತಾ ಪುಟ್ಟ? ಅಮ್ಮ ಇಲ್ಲೇ ಇದ್ದೇನೆ. ಈಗ ಮಲಗುವ ಹೊತ್ತು." ಅಷ್ಟೇ. ದನಿ ಸಪ್ಪೆಯಾಗಿರಲಿ. ಮಾತು ರಸವತ್ತಾದರೆ ಅದಕ್ಕೋಸ್ಕರವೇ ಮಗು ಮತ್ತೆ ಕರೆಯುತ್ತದೆ.

"ಇಷ್ಟು ದೊಡ್ಡವ ಹೆದರುವುದಾ, ಶೇಮ್ ಶೇಮ್" ಬೇಡ. ಹೆದರಿಕೆ ಹೋಗುವುದಿಲ್ಲ, ಹೇಳುವುದನ್ನು ಮಾತ್ರ ನಿಲ್ಲಿಸುತ್ತಾನೆ. ಕೋಲು ಹಿಡಿದು ಮಂಚದ ಕೆಳಗೆ ಗುಮ್ಮನನ್ನು ಓಡಿಸುವುದು, ನೀರು ಚಿಮುಕಿಸಿ "ಗುಮ್ಮನ ಮದ್ದು" ಎನ್ನುವುದು, ಇದನ್ನು ಅನೇಕರು ಮಾಡುತ್ತಾರೆ. ನನಗೆ ಸರಿ ಕಾಣಲಿಲ್ಲ. ಅಮ್ಮನೇ ಹುಡುಕುತ್ತಾಳೆ ಅಂದರೆ ಗುಮ್ಮ ಇದ್ದಾನೆ ಅಂತಲೇ ಅರ್ಥ, ಅಲ್ವಾ? ಮೇಲಾಗಿ ಅದು ಎರಡು ಗಂಟೆಯ ಲೆಕ್ಕದಲ್ಲಿ ಫೇಲ್.

ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎನ್ನುವುದನ್ನು ಮನೆಯವರೆಲ್ಲ ನಿಲ್ಲಿಸಬೇಕು. ಇದು ದೀಪಕ್ಕಿಂತ ಕಷ್ಟದ ಕೆಲಸ. ನಮ್ಮ ಅತ್ತೆಗೆ ಆ ಮಾತು ಬಾಯಿಗೆ ಬಂದುಬಿಡುತ್ತಿತ್ತು. "ಮಗುವಿಗೆ ಹೆದರಿಕೆ ಆದದ್ದು, ಒಂದು ನೂಲು ಕಟ್ಟಿಸುವ" ಎಂದರು. ಕಟ್ಟಿಸಿದೆವು. ಒಮ್ಮೆ ಕಟ್ಟಿದ ನೂಲು ಕೈಯಲ್ಲೇ ಇರುತ್ತದೆ, ನಡುರಾತ್ರಿ ಯಾರೂ ಏಳಬೇಕಿಲ್ಲ. ಅದಕ್ಕೆ ಬದಲಾಗಿ ಗುಮ್ಮನ ಮಾತು ನಿಲ್ಲಿಸಲು ಅವರೂ ಒಪ್ಪಿದರು.

ಹೆಜ್ಜೆ 5: ಮೆಲ್ಲಗೆ ದೂರ ಹೋಗುವುದು

ಕದ್ದು ಎದ್ದು ಹೋಗುವುದನ್ನು ಮೊದಲು ನಿಲ್ಲಿಸಿದೆ. ಕಣ್ಣು ಮುಚ್ಚಿದರೆ ಅಮ್ಮ ಹೋಗುತ್ತಾಳೆ ಎಂದು ಗೊತ್ತಾದ ಮಗು ಕಣ್ಣು ಮುಚ್ಚುವುದೇ ಇಲ್ಲ.

ಮೊದಲ ಮೂರು ರಾತ್ರಿ ಹಾಸಿಗೆಯ ಪಕ್ಕ ಕೂತೆ. ಕೈ ಹಿಡಿಯಲಿಲ್ಲ. ಅವನೇ ಕೈ ಚಾಚಿದರೆ ಒಮ್ಮೆ ಮುಟ್ಟಿ ಬಿಡುತ್ತಿದ್ದೆ. ಮೊದಲ ರಾತ್ರಿ ನಲವತ್ತು ನಿಮಿಷ ಅತ್ತೂ ಕರೆದೂ ಆಯಿತು, ಮೂರನೆಯದಕ್ಕೆ ಇಪ್ಪತ್ತು. ನಾಲ್ಕನೇ ರಾತ್ರಿ ಕಾಲ ಬುಡಕ್ಕೆ ಸರಿದೆ. ಆರನೇ ರಾತ್ರಿ ಕರೆಂಟಿನ ಕಥೆ. ಆವತ್ತು ಪಕ್ಕದಲ್ಲೇ ಮಲಗಿದೆ, ಅದರಲ್ಲಿ ತಪ್ಪಿಲ್ಲ. ಮರುದಿನ ಕಾಲ ಬುಡದಿಂದಲೇ ಮತ್ತೆ ಶುರು. ತೀರಾ ಮೊದಲಿಗೆ ಹಿಂದೆ ಹೋಗಬೇಕಿಲ್ಲ.

ಹತ್ತನೇ ರಾತ್ರಿಯಿಂದ ಬಾಗಿಲ ಬಳಿ ಕುರ್ಚಿ. ಹದಿಮೂರನೆಯ ರಾತ್ರಿ ಹೊರಗೆ ಹೋಗಿ ಬರುವುದು. "ಅಮ್ಮ ಕುಕ್ಕರ್ ತೊಳೆದಿಟ್ಟು ಬರ್ತೇನೆ" ಎಂದು ಹೇಳಿ, ಒಂದು ನಿಮಿಷಕ್ಕೆ ಬಂದು, ಮುಖ ತೋರಿಸಿ ಮತ್ತೆ ಹೋಗುವುದು. ಆಮೇಲೆ ಎರಡು ನಿಮಿಷ, ಐದು ನಿಮಿಷ. ಇದರಲ್ಲಿ ಗುಟ್ಟು ಒಂದೇ: ಅವನು ಕರೆಯುವ ಮೊದಲೇ ಬರಬೇಕು. ಕರೆದ ಮೇಲೆ ಬಂದರೆ ಕರೆದದ್ದರಿಂದ ಬಂದಳು ಎಂದು ಕಲಿಯುತ್ತಾನೆ. ಹೇಳಿದ ಹಾಗೆ ಬಂದರೆ ಅಮ್ಮ ಬರುತ್ತಾಳೆ ಎಂದು ಕಲಿಯುತ್ತಾನೆ. ಪಾತ್ರೆಯ ಸದ್ದು ಕೇಳುವ ಹಾಗೆ ಬಾಗಿಲು ಸ್ವಲ್ಪ ತೆರೆದಿಟ್ಟೆ. ಮೂರನೇ ವಾರದ ಕೊನೆಗೆ ಎರಡನೇ ಸಲ ಇಣುಕುವಾಗ ನಿದ್ದೆ ಬಂದಿರುತ್ತಿತ್ತು.

ನಡುರಾತ್ರಿ ಎದ್ದರೂ ಅದೇ ಕ್ರಮ. ದೊಡ್ಡ ಲೈಟ್ ಹಾಕಬಾರದು, ಎತ್ತಿಕೊಂಡು ಹಾಲ್‌ಗೆ ಹೋಗಬಾರದು. ಅದೇ ವಾಕ್ಯ, ಒಮ್ಮೆ ಮುಟ್ಟುವುದು. ಕೆಟ್ಟ ಕನಸು ಬಿದ್ದು ನಡುಗುತ್ತಿದ್ದರೆ ಮಾತ್ರ ಧಾರಾಳ ಅಪ್ಪಿಕೊಳ್ಳಿ, ಅವನ ಜಾಗದಲ್ಲೇ.

ಮಲಗಿದ ಒಂದೆರಡು ಗಂಟೆಯೊಳಗೆ ಕಣ್ಣು ಬಿಟ್ಟೇ ಕಿರುಚಿ, ನಿಮ್ಮ ಗುರುತೇ ಹಿಡಿಯದಿದ್ದರೆ ಅದು ಕತ್ತಲೆಯ ಹೆದರಿಕೆ ಅಲ್ಲ. ಅವನು ನಿದ್ದೆಯಲ್ಲೇ ಇದ್ದಾನೆ. ಎಬ್ಬಿಸಬೇಡಿ. ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿರಿ. ಬೆಳಿಗ್ಗೆ ಅವನಿಗೆ ನೆನಪಿರುವುದಿಲ್ಲ, ನೀವೂ ಕೆದಕಬೇಡಿ.

ಹೆಜ್ಜೆ 6: ಹಗಲಿನ ಕೆಲಸ

ರಾತ್ರಿ ಹೆದರಿಕೆಯನ್ನು ಕಳೆಯಲು ಆಗುವುದಿಲ್ಲ, ಸಮಾಧಾನ ಮಾಡಬಹುದು ಅಷ್ಟೇ. ಕಳೆಯುವ ಕೆಲಸ ಹಗಲಿನದ್ದು.

ನಮ್ಮವನ ಹೆದರಿಕೆಯ ಬೇರು ಊರಿನ ಯಕ್ಷಗಾನದ ಆಟದಲ್ಲಿತ್ತು. ಅಜ್ಜಿ ಮನೆಯ ಹತ್ತಿರ ಬಯಲಾಟಕ್ಕೆ ಹೋಗಿದ್ದಾಗ ಬಣ್ಣದ ವೇಷ ಅಬ್ಬರಿಸುತ್ತಾ ರಂಗಕ್ಕೆ ಬಂದದ್ದೇ ಇವನು ನನ್ನ ಸೆರಗಿನೊಳಗೆ. ಕೆಂಪು ಕಣ್ಣು ಎಲ್ಲಿಂದ ಬಂತು ಎಂದು ಆಮೇಲೆ ಹೊಳೆಯಿತು. ಮುಂದಿನ ತಿಂಗಳು ಇನ್ನೊಂದು ಆಟಕ್ಕೆ ಸಂಜೆಯೇ ಹೋಗಿ, ಕೇಳಿಕೊಂಡು, ವೇಷ ಕಟ್ಟುವ ಚೌಕಿಯೊಳಗೆ ಕರೆದುಕೊಂಡು ಹೋದೆವು. ಕಲಾವಿದರೊಬ್ಬರು ಕನ್ನಡಿ ಹಿಡಿದು, ಅಕ್ಕಿ ಹಿಟ್ಟು ಸುಣ್ಣದ ಚುಟ್ಟಿಯನ್ನು ಒಂದೊಂದೇ ಚುಕ್ಕೆಯಾಗಿ ಮುಖಕ್ಕೆ ಇಡುತ್ತಿದ್ದರು. ಮುಖದ ಅರ್ಧ ಮನುಷ್ಯ, ಅರ್ಧ ರಾಕ್ಷಸ. ಪಕ್ಕದಲ್ಲಿ ಚಾ ಲೋಟ. ಇವನನ್ನು ನೋಡಿ "ಎಂತ ಮಗಾ, ಚಾ ಬೇಕಾ?" ಎಂದರು. ಮನೆಗೆ ಬಂದು ಒಂದು ವಾರ ಪೌಡರ್ ಮೆತ್ತಿಕೊಂಡು ಅವನೇ ರಾಕ್ಷಸ. ರಾತ್ರಿ ಆಟ ಪೂರ್ತಿ ನೋಡಲು ಕೂರಿಸಲಿಲ್ಲ. ಒಮ್ಮೆಗೇ ಎಲ್ಲ ಬೇಡ.

ಕತ್ತಲೆಯೊಂದಿಗೆ ಆಟವೂ ಬೇಕು. ಸಂಜೆ ಕೋಣೆಯ ಪರದೆ ಎಳೆದು, ಟಾರ್ಚ್ ಅವನ ಕೈಯಲ್ಲೇ ಕೊಟ್ಟು, ಗೋಡೆಯ ಮೇಲೆ ಕೈನೆರಳಿನ ಮೊಲ ಮಾಡುವುದು. ಚೆಂಡನ್ನು ಕತ್ತಲೆಯ ರೂಮಿಗೆ ಎಸೆದು ಓಡಿ ತರುವುದು, ಮೊದಲು ಬಾಗಿಲ ಹತ್ತಿರ, ಮತ್ತೆ ಸ್ವಲ್ಪ ಒಳಗೆ. ಐದು ನಿಮಿಷ ಸಾಕು, ಮಲಗುವ ಹೊತ್ತಿಗೆ ಬೇಡ. ಮಳೆ ಹಿಡಿಯುವ ಮೊದಲು ಅಜ್ಜಿ ಮನೆಯ ತೋಟದಲ್ಲಿ ಮಿಣುಕುಹುಳ ಬರುತ್ತವೆ. ಅಂಗಳದ ಲೈಟ್ ಆರಿಸದೆ ಅವು ಸರಿಯಾಗಿ ಕಾಣುವುದಿಲ್ಲ. ಆರಿಸಲು ಅವನೇ ಹೇಳುವ ತನಕ ಕಾದೆವು. ಎರಡನೇ ಸಂಜೆ ಹೇಳಿದ.

ದೀಪ ತೆಗೆಯಬೇಕಾ?

ಅವಸರ ಇಲ್ಲ. ಅದರಿಂದ ನಿಮ್ಮ ನಿದ್ದೆ ಹಾಳಾಗುವುದಿಲ್ಲ. ಬೇಕಿದ್ದರೆ ನಾಲ್ಕಾರು ತಿಂಗಳ ಮೇಲೆ ದೀಪವನ್ನು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ದೂರ ಸರಿಸಿ, ಕೊನೆಗೆ ಕಾರಿಡಾರಿಗೆ ತಲುಪಿಸಿ. ಜ್ವರ ಬಂದಾಗ, ಹೊಸ ಮಗು ಬಂದಾಗ, ಬಾಲವಾಡಿಗೆ ಸೇರಿಸಿದ ವಾರ ಇದಕ್ಕೆ ಕೈ ಹಾಕಬೇಡಿ.

ಇಷ್ಟೆಲ್ಲ ಮಾಡಿ ಒಂದೆರಡು ತಿಂಗಳಾದರೂ ಕಡಿಮೆಯಾಗದಿದ್ದರೆ, ಹಗಲು ಆಟ ಊಟಕ್ಕೂ ಹೆದರಿಕೆ ಅಡ್ಡ ಬಂದರೆ, ದಿನಾ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾದರೆ, ನಿದ್ದೆಯಲ್ಲಿ ಕೈಕಾಲು ಒಂದೇ ತಾಳದಲ್ಲಿ ಸೆಟೆದು ಅದುರಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆಗುತ್ತಿರುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಅವರಿಗೆ ಬೇಗ ತಿಳಿಯುತ್ತದೆ.

ಅಜ್ಜಿ ಮನೆಗೆ ಹೋಗುವಾಗ ಅದೇ ದೀಪವನ್ನು ಬ್ಯಾಗಿಗೆ ಹಾಕಿಕೊಳ್ಳಿ. ಹಳೆಯ ಮನೆಯ ಪ್ಲಗ್ಗುಗಳು ಎಲ್ಲ ಎತ್ತರದಲ್ಲಿರುತ್ತವೆ, ಆದ್ದರಿಂದ ಒಂದು ಎಕ್ಸ್‌ಟೆನ್ಷನ್ ವೈರ್ ಕೂಡ ಇರಲಿ.